ಇಸ್ತ್ರಿ ಅಕ್ಕ ತೆಗೆದ ಕೊನೆಯ ಸಾಲು

ನಮ್ಮ ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಎಲ್ಲರಿಗೂ ಅವಳು ಇಸ್ತ್ರಿ ಅಕ್ಕ. ಇಸ್ತ್ರಿ ಬಟ್ಟೆಗಲ್ಲ, ಈಮೇಲಿಗೆ. ಯಾರಿಗಾದರೂ ಯಾರ ಮೇಲಾದರೂ ತಲೆ ಕೆಟ್ಟು, ಹಲ್ಲು ಕಡಿಯುತ್ತಾ ಏನಾದರೂ ಬರೆದರೆ, ಕಳಿಸುವ ಮೊದಲು ಅವಳ ಮೇಜಿಗೆ ತರುತ್ತಿದ್ದರು. ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದಿ, "ಇಷ್ಟು ಸುಕ್ಕಿದೆಯಲ್ಲಪ್ಪ" ಎಂದು ಕೆಲಸಕ್ಕೆ ಕೂರುತ್ತಿದ್ದಳು. ಪಕ್ಕದ ಮೇಜು ನನ್ನದು. ನನ್ನ ಬಾಯಿ ನೆಟ್ಟಗಿಲ್ಲ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಅವಳ ಬಳಿ ಅತಿ ಹೆಚ್ಚು ಇಸ್ತ್ರಿ ಮಾಡಿಸಿಕೊಂಡವಳೂ ನಾನೇ ಇರಬೇಕು.

ಈ ವಿದ್ಯೆ ಅವಳಿಗೆ ಮನೆಯಲ್ಲೇ ಬಂದದ್ದು. ಅವಳ ಅಪ್ಪ ಕೆಳಗಿನ ಮನೆಯಲ್ಲಿ, ಚಿಕ್ಕಪ್ಪ ಮಹಡಿಯಲ್ಲಿ. ಇಬ್ಬರಿಗೂ ಮಾತಿಲ್ಲ. ನಡುವೆ ಮೆಟ್ಟಿಲು ಹತ್ತಿ ಇಳಿಯುವ ಕೆಲಸ ಇವಳದು. "ಆ ಕತ್ತೆಗೆ ಹೇಳು, ನಲ್ಲಿ ನಿಲ್ಲಿಸಲಿ" ಎಂದು ಅಪ್ಪ ಕಳಿಸಿದರೆ, ಮೇಲೆ ಹೋಗಿ "ಚಿಕ್ಕಪ್ಪ, ಕೆಳಗೆ ನೀರು ಬರ್ತಿಲ್ಲ" ಅನ್ನುತ್ತಿದ್ದಳಂತೆ. ಕತ್ತೆ ಮೆಟ್ಟಿಲಲ್ಲೇ ಉಳಿಯುತ್ತಿತ್ತು. ನೀರಂತೂ ಬರುತ್ತಿತ್ತು. ಹೀಗೆ ಬೆಳೆದವಳಿಗೆ ಗಡುಸು ಮಾತೆಂದರೆ ಕಾಲಿಗೆ ಚುಚ್ಚಿದ ಮುಳ್ಳು, ಕಂಡಲ್ಲಿ ಕಿತ್ತು ಹಾಕಬೇಕು.

ನಮ್ಮದು ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ಬಿಡಿಭಾಗ ಮಾರುವ ಕಂಪನಿ. ಆಫೀಸಿನ ಹಿಂದೆಯೇ ಎರಡು ಅಂತಸ್ತಿನ ಗೋದಾಮು. ಅದರ ಉಸ್ತುವಾರಿ ನೋಡುವವನು ಗೋದಾಮಿನಣ್ಣ. ಗಂಟಲು ಅವನದು ಮೈಕಿನಂತೆ, ಮನಸ್ಸು ಮಗುವಿನದು. ಒಂದು ಮಧ್ಯಾಹ್ನ ಕೆಂಪಗಾಗಿ ಬಂದು ಅಕ್ಕನ ಮುಂದೆ ಕೂತ.

"ಅಕ್ಕ, ಇನ್ನು ನನ್ನ ಕೈಲಾಗಲ್ಲ. ದೊಡ್ಡ ಮೇಡಂಗೇ ಬರೀತೀನಿ. ಸರಕಿನ ಲಿಫ್ಟು ಮಹಡಿಗೆ ಸಮಕ್ಕೆ ನಿಲ್ತಿಲ್ಲ. ನಾಲ್ಕು ಬೆರಳು ಕೆಳಗೇ ನಿಲ್ತದೆ. ಗಾಡಿ ಚಕ್ರ ಸಿಕ್ಕೊಳ್ತದೆ. ಯಾರ ಮೇಲಾದ್ರೂ ಬೀಳೋ ತನಕ ಖರೀದಿಯವರು ನಿದ್ದೆ ಮಾಡ್ತಾರಾ?"

ಲಿಫ್ಟಿನ ಮೆಕ್ಯಾನಿಕ್ ಬಂದು ನೋಡಿ, ಬ್ರೇಕ್ ಸವೆದಿದೆ, ಬದಲಿಸಬೇಕು ಎಂದು ಬರೆದುಕೊಟ್ಟಿದ್ದ. ಖರ್ಚಿನ ಅಂದಾಜೂ ಬಂದಿತ್ತು. ಖರೀದಿ ವಿಭಾಗದವರು ಇನ್ನೊಂದು ಕಂಪನಿಯ ಅಂದಾಜಿಗಾಗಿ ಕಾಯುತ್ತಿದ್ದರು. ನಿಯಮವೇ ಹಾಗಿತ್ತು. ಕೆಟ್ಟವರು ಯಾರೂ ಅಲ್ಲ, ಆದರೆ ಕೆಲಸ ಮಾತ್ರ ಕೂತಲ್ಲೇ ಕೂತಿತ್ತು.

ಅಕ್ಕ ಅವನು ಬರೆದು ತಂದಿದ್ದ ಕರಡನ್ನು ಬಿಡಿಸಿದಳು. "ನಿದ್ದೆ" ಹೋಯಿತು. "ನಿರ್ಲಕ್ಷ್ಯ" ಹೋಯಿತು. "ಎಷ್ಟು ಸಲ ಹೇಳಿದರೂ" ಎಂಬುದರ ಜಾಗಕ್ಕೆ ತಾರೀಕುಗಳು ಬಂದವು: ಮಾರ್ಚ್ 4, ಲಿಫ್ಟ್ ಸಮಕ್ಕೆ ನಿಲ್ಲದಿರುವುದು ಗಮನಕ್ಕೆ ಬಂತು. ಮಾರ್ಚ್ 7, ಮೆಕ್ಯಾನಿಕ್‌ನ ವರದಿ, ಲಗತ್ತಿಸಿದೆ. ಮಾರ್ಚ್ 11, ಅಂದಾಜು ಖರೀದಿ ವಿಭಾಗಕ್ಕೆ ಕಳಿಸಲಾಯಿತು. ಮಾರ್ಚ್ 19, ನೆನಪಿಸಲಾಯಿತು. ಎರಡನೆಯ ಅಂದಾಜಿಗೆ ಕಾಯುತ್ತಿರುವುದಾಗಿ ಉತ್ತರ ಬಂತು.

"ಕಣ್ಣಿಗೆ ಕಂಡದ್ದು ಮಾತ್ರ ಬರೀಬೇಕು ಅಣ್ಣ. ಅವರ ಮನಸ್ಸಲ್ಲೇನಿತ್ತು ಅನ್ನೋದು ನಮಗೆ ಗೊತ್ತಿಲ್ವಲ್ಲ. ಕಳ್ಸೋ ಮೊದಲು ಖರೀದಿಯವರಿಗೊಂದು ಫೋನ್ ಮಾಡಿ, ಮೇಡಂಗೆ ಬರೀತಿದ್ದೀನಿ ಅಂತ. ಅವರಿಗೂ ಪ್ರತಿ ಹಾಕಿ. ಬೆನ್ನ ಹಿಂದೆ ಚಾಡಿ ಹೇಳಿದ ಹಾಗಾಗಬಾರದು."

ಇಷ್ಟೂ ಸರಿಯೇ. ಈಗಲೂ ಅದರಲ್ಲಿ ತಪ್ಪು ಹುಡುಕಲಾರೆ. ಕೊನೆಯ ಸಾಲೊಂದು ಉಳಿದಿತ್ತು: "ಶುಕ್ರವಾರದೊಳಗೆ ರಿಪೇರಿಗೆ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಲಿಫ್ಟ್ ನಿಲ್ಲಿಸಲು ಅಪ್ಪಣೆ ಕೊಡಿ."

"ಇದು ಮೇಡಂಗೇ ಗಡುವು ಕೊಟ್ಟ ಹಾಗಾಯ್ತು" ಎಂದು ಅಕ್ಕ ತುಟಿ ಕಚ್ಚಿದಳು. ತೆಗೆದಳು. ಅಲ್ಲಿ "ತಮ್ಮ ಗಮನಕ್ಕಾಗಿ" ಎಂದು ಬರೆದಳು. ಅಣ್ಣ ಒಂದು ಕ್ಷಣ ನೋಡಿ, "ನೀವು ಹೇಳಿದ್ಮೇಲೆ ಆಯ್ತು" ಎಂದ.

ಮೇಡಂ ಉತ್ತರ ಅಂದೇ ಬಂತು. "ಇಷ್ಟು ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಗಮನಿಸಿದ್ದೇನೆ."

"ಗಮನಿಸಿದ್ದೇನೆ ಅಂದ್ರೆ ಒಪ್ಪಿದ್ರೋ ಇಲ್ವೋ ಅಕ್ಕ?"

"ನೋಡ್ತಾರೆ ಬಿಡಿ ಅಣ್ಣ. ಹಿಂದೆಯೇ ಬಿದ್ದರೆ ಚೆನ್ನಾಗಿರಲ್ಲ."

ಅಂದಿನಿಂದ ಅವನು ಕೂಲಿಯವರನ್ನು ಲಿಫ್ಟಿನ ಬಳಿ ಬಿಡಲಿಲ್ಲ. ಭಾರದ ಗಾಡಿಯನ್ನು ತಾನೇ ಎಳೆಯತೊಡಗಿದ. ಮುಂದಿನ ವಾರ ಚಕ್ರ ಆ ಅಂಚಿಗೆ ಸಿಕ್ಕಿತು. ಗಾಡಿ ವಾಲಿ, ಕಂಪ್ರೆಸರ್ ತುಂಬಿದ ಪೆಟ್ಟಿಗೆಗಳು ಅವನ ಬಲಗಾಲಿನ ಮೇಲೆ ಕುಸಿದವು. ಪಾದದ ಮೂಳೆಗಳು ಪುಡಿಯಾದವು. ಆ ಮೈಕಿನ ಗಂಟಲು ಅಷ್ಟು ಸಣ್ಣದಾಗಬಲ್ಲದು ಅಂತ ನಮಗೆ ಅಂದು ಗೊತ್ತಾಯಿತು.

ಗಾಯದ ಮೇಲೆ ಬರೆ ಎಳೆದಂತೆ ವಿಚಾರಣೆ ಶುರುವಾಯಿತು. ಅಪಾಯ ಗೊತ್ತಿದ್ದೂ ಉಸ್ತುವಾರಿ ಯಾಕೆ ಲಿಫ್ಟ್ ನಿಲ್ಲಿಸಲು ಕೇಳಲಿಲ್ಲ? ಕೆಲಸದಿಂದ ತೆಗೆಯಬೇಕೆಂಬ ಮಾತು ಕಾರಿಡಾರಿನಲ್ಲಿ ಓಡಾಡತೊಡಗಿತು.

ಅಕ್ಕ ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೋದಳು. ಅವನು ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ. "ಮೇಡಂ ಫೋನ್ ಮಾಡಿದ್ರು ಅಕ್ಕ. ಬೈಲಿಲ್ಲ. 'ಎಲ್ಲಾ ಬರೆದಿದ್ರಿ, ಖರೀದಿಯವರಿಗೂ ಪ್ರತಿ ಇತ್ತು, ಕೆಲಸ ನಡೀತಿದೆ ಅಂದ್ಕೊಂಡೆ. ನನ್ನಿಂದ ಏನು ಬೇಕಿತ್ತು ಅಂತ ಒಂದು ಮಾತು ಹಾಕಬಾರದಿತ್ತಾ' ಅಂದ್ರು."

"ನೀವೇನಂದ್ರಿ?"

"ತಪ್ಪಾಯ್ತು ಮೇಡಂ ಅಂದೆ."

"ನಾನು ತೆಗೆದೆ ಅಂತ ಹೇಳಬೇಕಿತ್ತು."

"ಕಳ್ಸಿದ್ದು ನಾನಲ್ವಾ?"

ಅವನ ಹೆಂಡತಿ ಕಾಫಿ ತಂದು ಕೊಟ್ಟರು. ಬಹಳ ಮೆಲ್ಲಗೆ ಕೇಳಿದರು. "ಇವರು ಸಿಟ್ಟಲ್ಲಿ ಬರೆದಿದ್ದನ್ನ ಹಾಗೇ ಕಳ್ಸಿದ್ರೆ ಆಗ್ತಿತ್ತೇನೋ, ಅಲ್ವಾ?" ದೂರಿನ ದನಿಯೇ ಇರಲಿಲ್ಲ. ಬೈದಿದ್ದರೆ ಅಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳು. ಕಾಫಿ ಅವಳ ಕೈಯಲ್ಲೇ ಆರಿತು.

ಮರುದಿನ ಅವಳು ತನ್ನ ಹೆಸರಿನಲ್ಲೇ ಮೇಡಂಗೆ ಬರೆದಳು. ಅಷ್ಟು ವರ್ಷದಲ್ಲಿ ಸ್ವಂತಕ್ಕೆಂದು ಅವಳು ಬರೆದ ಮೊದಲ ದೂರು ಅದು, ತನ್ನ ಮೇಲೆಯೇ. "ಮಾರ್ಚ್ 21ರಂದು ಗೋದಾಮಿನ ಉಸ್ತುವಾರಿಯವರು ಬರೆದ ಕರಡು ಲಗತ್ತಿಸಿದೆ. ಲಿಫ್ಟ್ ನಿಲ್ಲಿಸಲು ಅಪ್ಪಣೆ ಕೇಳಿದ ಅದರ ಕೊನೆಯ ಸಾಲನ್ನು ತೆಗೆದವಳು ನಾನು. ಅವರನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕು. ಗುರುವಾರ ವಿಚಾರಣೆ ಮುಗಿಯುವ ಮೊದಲು ತಮ್ಮ ತೀರ್ಮಾನ ಬೇಕು." ನಾನು ಓದಿದೆ. ಒಂದು ಅಕ್ಷರವನ್ನೂ ಮುಟ್ಟಬೇಕು ಅನ್ನಿಸಲಿಲ್ಲ. "ನಿನ್ನ ಕೆಲಸ ಹೋದರೆ?" ಎಂದು ಕೇಳಿದೆ. ಅವಳು ಕಳಿಸಿಬಿಟ್ಟಳು.

ಬುಧವಾರ ಮೇಡಂ ತೀರ್ಮಾನ ತಿಳಿಸಿದರು. ಅವನ ಕೆಲಸ ಉಳಿಯಿತು. ಅಕ್ಕನದೂ ಹೋಗಲಿಲ್ಲ. ಲಿಫ್ಟಿಗೆ ಹೊಸ ಬ್ರೇಕ್ ಬಂತು. ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಅವನನ್ನು ನಮ್ಮ ಕೋಣೆಯ ಮೂಲೆಯಲ್ಲಿ ಲೆಕ್ಕ ನೋಡಲು ಕೂರಿಸಿದರು. ಅವನ ಕೋಲು ನೆಲಕ್ಕೆ ತಾಗಿದ ಸದ್ದು ಕೇಳಿದಾಗಲೆಲ್ಲ ಕೀಬೋರ್ಡಿನ ಮೇಲೆ ಅಕ್ಕನ ಬೆರಳು ನಿಂತುಬಿಡುತ್ತಿತ್ತು. ಇಸ್ತ್ರಿಗೆ ಯಾರಾದರೂ ಬಂದರೆ ಈಗ ಅವಳು ಮೊದಲು ಕೊನೆಯ ಸಾಲನ್ನೇ ಓದುತ್ತಿದ್ದಳು.

ಒಂದು ದಿನ ಅವನೇ ಬಂದ. ಕೆಳಗೆ ಬಿಟ್ಟರೆ ಕಾಲು ಊದುತ್ತದೆ, ಇಟ್ಟುಕೊಳ್ಳಲು ಒಂದು ಸಣ್ಣ ಸ್ಟೂಲು ಬೇಕು ಎಂದು ಮೇಡಂಗೆ ಬರೆದಿದ್ದ. ಕೊನೆಗೆ ಸೋಮವಾರದೊಳಗೆ ಕೊಡಿಸಿ ಎಂದಿತ್ತು.

"ಸರಿಯಾಗಿದೆ ಅಣ್ಣ. ಹೀಗೇ ಕಳ್ಸಿ."

ಅವನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಅಲ್ಲೇ ನಿಂತ.

"ಸೋಮವಾರ ಅನ್ನೋದು ಬೇಡ ಅನ್ಸುತ್ತೆ ಅಕ್ಕ. ಮೇಡಂಗೆ ಬೇಜಾರಾಗಬಹುದು. ಒಂಚೂರು ಮೆತ್ತಗೆ ಮಾಡಿ ಕೊಡಿ."

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ನಮ್ಮೆಲ್ಲರ ಎದುರಿಗೇ, ಮುಖ ಮುಚ್ಚಿಕೊಳ್ಳದೆ, ಅತ್ತಳು.