ಜಡ್ಜು ತಿಂದ ಹೋಳಿಗೆ

ನನಗಾಗ ಅರವತ್ನಾಲ್ಕು. ಹದಿನೈದು ವರ್ಷದ ಮೇಲಾಯಿತು. ರಸೆಲ್ ಮಾರುಕಟ್ಟೆಯಿಂದ ಬಾಳೆ ಎಲೆ ತಂದು ಹಲಸೂರಿನಲ್ಲಿ ಮಾರುತ್ತಿದ್ದೆ. ಅಂಗಡಿ ಅಂದರೆ ಒಂದು ಬಾಗಿಲು, ಅದರ ಮುಂದೆ ಒಂದು ಕಟ್ಟೆ, ಅಷ್ಟೆ. ಅದರ ಮಾಲೀಕ ಹೊಲ ಮಾರಿ ಕಟ್ಟಡ ಎಬ್ಬಿಸಿದವನು. ಅವನಿಗೆ ನನ್ನ ಬಾಗಿಲೂ ಬೇಕಾಯಿತು. ಖಾಲಿ ಮಾಡಿಸಲು ಕೋರ್ಟಿಗೆ ಹೋದ.

ಕೇಸು ನಡೆಯುತ್ತಿರುವಾಗಲೇ ಒಬ್ಬ ಅಡಿಗೆಯವನು ಇಂದಿರಾನಗರದ ಒಂದು ಛತ್ರಕ್ಕೆ ಎಲೆ ಬೇಕು ಅಜ್ಜಿ ಅಂದ. ಯಾರ ಮದುವೆ ಅಂತ ನಾನು ಕೇಳಲಿಲ್ಲ. ಎಲೆ ಇಳಿಸಿ ಊಟದ ಕೋಣೆಯ ಬಾಗಿಲಲ್ಲಿ ನಿಂತರೆ, ಮಾಲೀಕನ ಮಗಳ ಮದುವೆ! ಮೊದಲ ಪಂಕ್ತಿಯಲ್ಲಿ ನಮ್ಮ ಕೇಸಿನ ಜಡ್ಜು ಕೂತಿದ್ದ. ಮಾಲೀಕನೇ ಬಗ್ಗಿ ನಿಂತು ಹೋಳಿಗೆಯ ಮೇಲೆ ತುಪ್ಪ ಹಾಕಿಸುತ್ತಿದ್ದ. ನಾನು ಕೋರ್ಟಿನಲ್ಲಿ ಬಾಯಿ ತೆರೆದರೆ "ನಿಮ್ಮ ವಕೀಲರು ಹೇಳಲಿ" ಅಂತ ಗದರುತ್ತಿದ್ದ ಬಾಯಿ ಅದೇ. ಅಲ್ಲಿ ಅದಕ್ಕೆ ಪುರುಸೊತ್ತೇ ಇರಲಿಲ್ಲ.

ಆಮೇಲೆ ತೀರ್ಪು ಬಂತು. ನನ್ನ ವಿರುದ್ಧವೇ ಬಂತು. ಬಾಗಿಲು ಹೋಯಿತು. ನಾನು ಫುಟ್‌ಪಾತಿನಲ್ಲಿ ಗೋಣಿ ಹಾಸಿ ಕೂತೆ.

ನನ್ನ ಕಿರಿಯ ಮಗಳು ಶಿವಾಜಿನಗರದಲ್ಲಿ ಟೈಪು ಮಾಡಿಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಡಿಲಲ್ಲಿ ಇನ್ನೂ ಹಾಲು ಬಿಡದ ಕೂಸು. ಆಗ ಕಂಪ್ಯೂಟರಿನಲ್ಲಿ ಎಲ್ಲರೂ ಹೆಸರು ಹಾಕಿಕೊಂಡು ಹರಟುವ ಒಂದು ಜಾಗ ಶುರುವಾಗಿತ್ತು. ನಾನು ಮನೆಯಲ್ಲಿ ಕೂಗಾಡಿದ್ದನ್ನು ಅವಳು ಅಲ್ಲಿ ಹಾಕಿದಳು, ಜಡ್ಜಿನ ಹೆಸರು ಸಮೇತ. ಎರಡೇ ಸಾಲು. "ನಮ್ಮ ಕೇಸು ನಡೆಯುವಾಗಲೇ ಈ ಜಡ್ಜು ಎದುರುಪಾರ್ಟಿ ಮನೆಯದನ್ನು ತಿಂದರು." ಇದು ನಾನು ಹೇಳಿದ್ದು. "ಎಲ್ಲ ಜಡ್ಜುಗಳೂ ಮಾರಾಟಕ್ಕಿದ್ದಾರೆ." ಇದು ಅವಳ ಸ್ವಂತದ್ದು.

ಮಾಲೀಕನ ಲಾಯರು ಅದನ್ನು ಪ್ರಿಂಟು ತೆಗೆಸಿ ಜಡ್ಜಿನ ಮುಂದಿಟ್ಟ. ಜಡ್ಜು ಹೈಕೋರ್ಟಿಗೆ ಬರೆದ. ನ್ಯಾಯಾಂಗ ನಿಂದನೆ ಅಂತ ಮಗಳ ಹೆಸರಿಗೆ ನೋಟೀಸು ಬಂತು, ಖುದ್ದಾಗಿ ಬಂದು ನಿಲ್ಲಬೇಕು ಅಂತ. ಕೋರ್ಟಿಗೂ ಮಾನ ಹೋಗುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು. ನನ್ನಂಥವರ ಮಾನ ದಿನಾ ಅದರ ಮೆಟ್ಟಿಲ ಮೇಲೇ ಹೋಗುತ್ತಿತ್ತು, ಅದಕ್ಕೆ ಯಾರೂ ನೋಟೀಸು ಕೊಡಲಿಲ್ಲ.

ಕುಕ್ ಟೌನಿನ ಒಬ್ಬ ಲಾಯರನ್ನು ಹಿಡಿದೆವು. ನನ್ನ ಎಲೆಯ ಗಿರಾಕಿ. ನೋಟೀಸು ನೋಡಿದವನೇ ಕನ್ನಡಕ ತೆಗೆದ.

"ಕಾಲಿಗೆ ಬಿದ್ದು ಮುಗಿಸ್ಬಿಡಮ್ಮ. ಆರು ತಿಂಗಳವರೆಗೂ ಜೈಲಿಗೆ ಹಾಕ್ಬಹುದು."

"ಸುಳ್ಳೇನು ಬರ್ದಿದೀನಿ ಸಾರ್? ಮಾತಾಡೋ ಸ್ವಾತಂತ್ರ್ಯ ಇಲ್ವಾ ನಮಗೆ?" ಅಂದಳು ಮಗಳು.

"ಇದೆ. ಅದರ ಪಕ್ಕದಲ್ಲೇ ಕೋರ್ಟಿನ ಬೇಲೀನೂ ಇದೆ. ತೀರ್ಪು ತಪ್ಪು ಅಂತ ಮರ್ಯಾದೆಯಾಗಿ ಎಷ್ಟ್ ಸಲ ಬೇಕಾದ್ರೂ ಹೇಳು. ಜಡ್ಜು ಮಾರ್ಕೊಂಡ ಅಂದ್ರೆ ತೋರಿಸ್ಬೇಕು."

"ನಾನು ಕಣ್ಣಾರೆ ನೋಡಿದೀನಲ್ಲಪ್ಪಾ, ಇನ್ನೇನು ತೋರಿಸ್ಬೇಕು?" ಅಂದೆ.

"ನಿಜ ಅಂದ್ರೆ ಸಾಲ್ದು ಅಜ್ಜಿ. ಅದು ಜನಕ್ಕೆ ಬೇಕಾದ ಮಾತಾಗಿರ್ಬೇಕು. ಸೇಡಿಗೆ ಹೇಳಿರ್ಬಾರ್ದು. ಅಷ್ಟಾದ್ಮೇಲೂ ನಿಜ ಅಂತ ವಾದ ಮಾಡೋಕೆ ಕೋರ್ಟು ಒಪ್ಪಬೇಕು. ಕಾನೂನು ತಿದ್ದಿ ಈಗ್ಗೆ ಸ್ವಲ್ಪ ವರ್ಷ ಆಯ್ತು. ಮುಂಚೆ ಅಷ್ಟೂ ಇರ್ಲಿಲ್ಲ."

"ನಿಜ ಹೇಳೋಕೂ ಪರ್ಮಿಷನ್ನಾ! ಉಗೀಬೇಕು ಅವರ ಮಕಕ್ಕೆ," ಅಂದೆ.

"ಅದನ್ನ ಮಾತ್ರ ಅಲ್ಲಿ ಹೇಳ್ಬೇಡಿ," ಅಂದ. ಬಾಗಿಲು ಮುಚ್ಚಿದೆಯಾ ಅಂತ ಬೇರೆ ತಿರುಗಿ ನೋಡಿದ. ಅವನ ಮನೆ, ಅವನ ಬಾಗಿಲು! ಇಂಥ ಪುಕ್ಕಲನ ಕೈಯಲ್ಲಿ ನನ್ನ ಮಗಳು.

ಮದುವೆಯ ಫೋಟೋ ತೆಗೆದವನ ಹತ್ತಿರ ಹೋದೆ. "ಆ ಸಾಲಿನ ಫೋಟೋ ಸರಿಯಾಗಿ ಬಂದಿಲ್ಲ ಅಮ್ಮಾ," ಅಂದ. ಅಡಿಗೆಯವನನ್ನು ಕೇಳಿದರೆ ತಾನು ಒಳಗೆ ಸಾರು ಕುದಿಸುತ್ತಿದ್ದೆ ಅಂದ. ಹೋಳಿಗೆ ಬಡಿಸಿದವನಿಗೆ ಯಾರ ಮುಖವೂ ನೆನಪಿಲ್ಲವಂತೆ. ಗಂಡಸರು! ಕೊನೆಗೆ ನಾನೇ ಪ್ರಮಾಣಪತ್ರ ಬರೆಸಿ, ಕಲಿತ ನಾಲ್ಕಕ್ಷರದಲ್ಲಿ ನಿಧಾನಕ್ಕೆ ರುಜು ಹಾಕಿದೆ.

ವಿಚಾರಣೆಯ ದಿನ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಹೈಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತೆ. ಮಗಳು ಮುಂದೆ ಕೈಕಟ್ಟಿ ನಿಂತಿದ್ದಳು. ಮೇಲೆ ಇಬ್ಬರು ಜಡ್ಜುಗಳು. ಒಬ್ಬರು ಕನ್ನಡದವರು. ಇನ್ನೊಬ್ಬರು ಬೇರೆ ರಾಜ್ಯದಿಂದ ಬಂದವರು, ಕನ್ನಡ ಬಾರದು. ಅವರಿಗಾಗಿ ಮಗಳ ಎರಡು ಸಾಲನ್ನು ಇಂಗ್ಲಿಷಿಗೆ ಮಾಡಿಸಿ ಫೈಲಿನಲ್ಲಿ ಇಟ್ಟಿದ್ದರು. ಸರ್ಕಾರಿ ವಕೀಲ ಅದನ್ನೇ ಎತ್ತಿ ಎತ್ತಿ ಓದಿದ. ನಮ್ಮ ಲಾಯರು ಗಂಟಲು ಸರಿಮಾಡಿಕೊಂಡು, "ಸ್ವಾಮಿ, ಅದು ಅನುವಾದದ ತಪ್ಪು. ಮೂಲದಲ್ಲಿ ಬರೀ 'ತಿಂದರು' ಅಂತಿದೆ. ಇಂಗ್ಲಿಷಿನಲ್ಲಿ ಲಂಚ ತಗೊಂಡರು ಅಂತ ಮಾಡಿದಾರೆ," ಅಂದ.

"ತಿಂದರು ಅಂದ್ರೆ ಕನ್ನಡದಲ್ಲಿ ಅದೇ ಅರ್ಥ," ಅಂದ ಸರ್ಕಾರಿ ವಕೀಲ.

"ಪ್ರಮಾಣಪತ್ರ ಕೊಟ್ಟ ತಾಯಿ ಇಲ್ಲೇ ಇದಾರೆ ಸ್ವಾಮಿ. ಅವರನ್ನೇ ಕೇಳಬಹುದು."

ಕನ್ನಡದ ಜಡ್ಜು ನನ್ನನ್ನು ಮುಂದಕ್ಕೆ ಕರೆದರು. ಕೂಸನ್ನು ನಮ್ಮ ಲಾಯರ ಗುಮಾಸ್ತನ ಕೈಗಿಟ್ಟು ಹೋದೆ. ಅವನು ಹಾವು ಹಿಡಿದಂತೆ ಹಿಡಿದ.

"ಏನಮ್ಮ ತಿಂದ್ರು ಅವರು?"

"ಹೋಳಿಗೆ ಸ್ವಾಮಿ. ತುಪ್ಪ ಹಾಕಿಸ್ಕೊಂಡು."

ಹಿಂದೆ ಯಾರೋ ಕಿಸಕ್ಕೆಂದರು. ಜಡ್ಜು ನಗಲಿಲ್ಲ. "ದುಡ್ಡು ಕೊಟ್ಟಿದ್ದು ನೋಡಿದ್ರಾ?"

"ಇಲ್ಲ. ನೋಡಿದ್ರೆ ಹೇಳ್ತಿರ್ಲಿಲ್ವಾ?"

"ಮದುವೆಗೆ ಹೋಗೋದು ತಪ್ಪಾ?"

"ನನ್ ಕೇಸು ಕೈಲಿಟ್ಕೊಂಡು ನನ್ ಮನೆ ಮದುವೆಗೆ ಬರ್ತಿದ್ರಾ ಸ್ವಾಮಿ?"

ಅವರು ಪಕ್ಕದವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆಮೇಲೆ ಕಾಗದ ನೋಡಿ, "ಎರಡನೇ ಸಾಲು? ಎಲ್ಲ ಜಡ್ಜುಗಳೂ ಅಂತಿದೆ. ಎಲ್ಲರನ್ನೂ ನೋಡಿದ್ದೀರಾ?" ಅಂದರು.

"ಅದನ್ನ ನಾನ್ ಹೇಳಿಲ್ಲ. ಅವಳನ್ನ ಕೇಳಿ."

ಮಗಳು ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಜೈಲಿಗೆ ಹೋಗಬೇಕಾದರೆ ಹೋಳಿಗೆಗೆ ಹೋಗಲಿ, ಬಾಯಿಚಪಲಕ್ಕೆ ಯಾಕೆ?

"ಎಲ್ಲರನ್ನೂ ನೋಡಿಲ್ಲ," ಅಂದಳು. "ಕೋಪದಲ್ಲಿ ಬರ್ದೆ. ಆ ಸಾಲಿಗೆ ಕ್ಷಮೆ ಕೇಳ್ತೀನಿ, ತೆಗೀತೀನಿ. ಮೊದಲನೇ ಸಾಲಿಗೆ ಕೇಳಲ್ಲ."

ಸರ್ಕಾರಿ ವಕೀಲ ಮೇಲೆದ್ದ. ಅರ್ಧಂಬರ್ಧ ಕ್ಷಮೆಯನ್ನು ಒಪ್ಪಬಾರದು ಅಂದ. ಆಗ ನಮ್ಮ ಪುಕ್ಕಲನಿಗೂ ಎಲ್ಲಿಂದಲೋ ಗಂಟಲು ಬಂತು. ಷರತ್ತು ಇದೆ ಅನ್ನುವ ಒಂದೇ ಕಾರಣಕ್ಕೆ ಮನಸ್ಸಿಂದ ಕೇಳಿದ ಕ್ಷಮೆಯನ್ನು ತಳ್ಳಬಾರದು ಅಂತ ಕಾಯಿದೆಯಲ್ಲೇ ಇದೆ ಅಂತ ಓದಿ ತೋರಿಸಿದ.

ಜಡ್ಜುಗಳು ಬರೆಸಿದರು. ಎರಡನೇ ಸಾಲಿಗೆ ಕೇಳಿದ ಕ್ಷಮೆ ಒಪ್ಪಿದೆ, ಅದನ್ನು ತೆಗೆಯಬೇಕು. ಮೊದಲನೇ ಸಾಲು ಊಟದ ಮಾತು ಅಂತ ವಿವರಣೆ ಬಂದಿದೆ, ಅದರ ಮೇಲೆ ಕ್ರಮ ಬೇಡ. ಇನ್ನು ಮುಂದೆ ಎಚ್ಚರದಿಂದಿರಬೇಕು. ಮುಗಿಯಿತು. ಆ ಜಡ್ಜು ಯಾಕೆ ಉಂಡ ಅನ್ನುವುದರ ಬಗ್ಗೆ ಒಂದಕ್ಷರವೂ ಬರೆಸಲಿಲ್ಲ. ಅದು ಈ ಕೇಸಿನ ವಿಷಯವಲ್ಲವಂತೆ. ಉಂಡವನ ವಿಷಯ ಯಾವ ಕೇಸಿನದೂ ಅಲ್ಲ, ನೋಡಿದವರ ವಿಷಯಕ್ಕೆ ಮಾತ್ರ ಇಬ್ಬರು ಜಡ್ಜುಗಳು ಬೇಕು.

ಹೊರಗೆ ಬಂದು ಲಾಯರು ಕೈ ಮುಗಿದ. "ಇಡೀದನ್ನೇ ತೆಗೆದುಬಿಡಿ ತಾಯಿ. ಯಾಕೆ ಸುಮ್ನೆ."

ಮಾರನೇ ಬೆಳಿಗ್ಗೆ ಎಲೆ ತರಲು ಹೋಗುವ ಮೊದಲು ಮಗಳ ಜೊತೆ ಟೈಪಿನ ಅಂಗಡಿಗೆ ಹೋದೆ. ಅವಳು ಕಂಪ್ಯೂಟರ್ ಹಚ್ಚಿ ಎರಡನೇ ಸಾಲು ಅಳಿಸಿದಳು. ಅವಳ ಬೆರಳು ಮೊದಲನೇ ಸಾಲಿನ ಮೇಲೂ ಹೋಗಿ ನಿಂತಿತು. ನಾನು ಅವಳ ಕೈ ಹಿಡಿದು ಪಕ್ಕಕ್ಕಿಟ್ಟೆ. ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ, "ತಿಂದರು" ಅಲ್ಲೇ ಇದೆ ಅಂತ ಓದಿಕೊಂಡು, ಎಲೆ ತರಲು ಮಾರುಕಟ್ಟೆಗೆ ಹೋದೆ.