ಇನ್ನೂರು ಗ್ರಾಂ ಬೆಳ್ಳಿ

ಲಲಿತಾಬಾಯಿ ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಮೆಹಕರದ ಒಕ್ಕಲುತನದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಬೀದರಿನ ನೌಬಾದಕ್ಕೆ. ಅಲ್ಲಿಯ ಅಂಗನವಾಡಿಯಲ್ಲಿ ಆಕೆ ಹತ್ತೊಂಬತ್ತು ವರ್ಷ ಮಕ್ಕಳನ್ನು ತೂಗಿದಳು. ದೇವರು ಕೊಟ್ಟ ಜೀವವನ್ನು ತೂಗುವ ಕೈ ನಡುಗಬೇಕು ಎಂದು ನಂಬಿದವಳು. ಆ ನಂಬಿಕೆಯೇ ಪರೀಕ್ಷೆಗೆ ನಿಂತ ದಿನವೊಂದುಂಟು.

ಅಂದು ಬೆಳಿಗ್ಗೆ ಖುಷ್ಬೂ ಎಂಬ ತಾಯಿ ತನ್ನ ಮಗಳು ಜೇಬಾಳನ್ನು ತಂದಿದ್ದಳು. ಮಗುವಿಗೆ ಹದಿನೆಂಟು ತಿಂಗಳು ತುಂಬಿತ್ತು. ಖುಷ್ಬೂ ತೂಕದ ಯಂತ್ರದ ಮೇಲೆ ನಿಂತಳು. ಲಲಿತಾಬಾಯಿ ಅಂಕಿಯನ್ನು ಸೊನ್ನೆಗೆ ತಂದು ಮಗುವನ್ನು ಆಕೆಯ ಕೈಗಿತ್ತಳು. ಏಳು ಕಿಲೊ ಆರುನೂರು ಗ್ರಾಂ. ಹಿಂದಿನ ಎರಡು ತಿಂಗಳೂ ಏಳು ಕಿಲೊ ನಾನೂರರಲ್ಲೇ ನಿಂತಿದ್ದ ಮಗು!

ತೂಗುವ, ತಾಯಿಗೆ ತಿಳಿಹೇಳುವ ಕ್ರಮ ಬರೆದು ಇಲಾಖೆ ಕೊಟ್ಟ ಹಾಳೆಯಂತೆ ಆಕೆ ತಾಯಿ ಕಾರ್ಡಿನ ಹೆಣ್ಣುಮಕ್ಕಳ ಬೆಳವಣಿಗೆಯ ಪುಟ ತೆರೆದು ಚುಕ್ಕಿಯಿಟ್ಟಳು. "ನೋಡು ಖುಷ್ಬೂ, ಕೆಳಗಿಂದು ವಯಸ್ಸಿನ ತಿಂಗಳು, ಬದಿಗಿಂದು ತೂಕ. ಹಸಿರು ಪಟ್ಟಿ ಛಲೋ. ನಿನ್ನ ಮಗಳು ಹಳದಿ ಪಟ್ಟ್ಯಾಗ ಅದಾಳ ಅಂದ್ರ, ವಯಸ್ಸಿಗೆ ತಕ್ಕ ತೂಕಿಲ್ಲ. ಮಂದಿ ಮಕ್ಕಳ ಜೋಡಿ ನೋಡಬ್ಯಾಡ, ಇಕಿ ಗೆರಿ ಎತ್ತ ಹೊಂಟದ ಅದನ್ನ ನೋಡು. ಈ ಸಲ ಮ್ಯಾಲ ಎದ್ದದ."

ಖುಷ್ಬೂ ಏನೋ ಹೇಳಹೋಗಿ ನಕ್ಕು ಸುಮ್ಮನಾದಳು.

ಮಧ್ಯಾಹ್ನ ಪಾತ್ರೆ ತೊಳೆಯುತ್ತ ಸಹಾಯಕಿ ಆರತಿ ಅಂದಳು: "ಜೇಬಾ ಹೊಸಾ ಕಡಗಾ ಹಾಕ್ಕೊಂಡಾಳ, ನೋಡಿದ್ರೇನ್ರಿ ಬಾಯಿ? ಸೊಂಟಕ್ಕ ಸರಪಳಿನೂ ಅದ. ಉದ್ದನ್ನ ಫ್ರಾಕ್ ಒಳಗ ಎಲ್ಲಾ ಮುಚ್ಚಿತ್ತು."

ಲಲಿತಾಬಾಯಿ ಇಲಾಖೆಯ ಆ ಹಾಳೆಯನ್ನು ಮತ್ತೆ ತೆಗೆದಳು. ಮೈಮೇಲಿನ ಒಡವೆ ತೆಗೆಸಿ ತೂಗಬೇಕೆಂದು ಹಾಳೆಯ ಮೊದಲ ಸಾಲಿನಲ್ಲೇ ಇದೆ. ಆದರೆ ನಜರಿಗೆ, ಕೆಟ್ಟ ದೃಷ್ಟಿಗೆ ಅಂಜಿ ತೊಡಿಸಿದ ಬೆಳ್ಳಿಯನ್ನು ತೆಗೆಸಲು ಅಜ್ಜಿಯರು ಒಪ್ಪುತ್ತಿರಲಿಲ್ಲ. ಆಕೆಯೂ ಅವರ ಮನಸ್ಸು ನೋಯಿಸಬಾರದೆಂದು ಕಣ್ಣಳತೆಯಲ್ಲಿ ಒಂದಿಷ್ಟು ಕಳೆದು ಬರೆಯುವ ರೂಢಿ ಮಾಡಿಕೊಂಡಿದ್ದಳು. ಇಂದು ಕಣ್ಣಿಗೆ ಬೀಳದ್ದನ್ನು ಕಳೆದಿರಲೂ ಇಲ್ಲ. ಎದ್ದದ್ದು ಮಗುವೋ, ಬೆಳ್ಳಿಯೋ? ತಾನು ಒಬ್ಬ ತಾಯಿಗೆ ಸುಳ್ಳು ನೆಮ್ಮದಿ ಕೊಟ್ಟೆನೆ? ಕೂತಲ್ಲಿ ಕೂರಲಾಗಲಿಲ್ಲ. ಯಂತ್ರವನ್ನು ಚೀಲಕ್ಕೆ ಹಾಕಿ ಬಿಸಿಲಿಗೆ ಬಿದ್ದಳು.

ಖುಷ್ಬೂಳ ಮನೆಯಲ್ಲಿ ಗಂಟು ಕಟ್ಟುತ್ತಿದ್ದರು. ಅತ್ತೆ ಬಿಸ್ಮಿಲ್ಲಾಬೀ ಬಾಗಿಲಲ್ಲೇ ಎದುರಾದಳು. "ಬರ್ರಿ ಬಾಯಿ! ನಾಕು ಗಂಟೆ ಬಸ್ಸಿಗಿ ಔರಾದಕ್ಕ ಹೊಂಟೀವಿ, ನಮ್ಮ ತಮ್ಮನ ಮಗಳ ಶಾದಿ. ಹದಿನೈದು ದಿನ ಬರಂಗಿಲ್ಲ."

"ಖಾಲಾ, ಜೇಬಾನ್ನ ಇನ್ನೊಮ್ಮಿ ತೂಗಬೇಕ್ರಿ. ಕಡಗಾ, ಸರಪಳಿ ತೆಗೆದು."

"ಯಾ ಅಲ್ಲಾ! ಮುಂಜಾನಿ ತೂಗಿದ್ದು ಸಾಲಲಿಲ್ಲೇನು? ಕೂಸು ಏನ್ ಗಾಂಧಿ ಗಂಜ ಬಾಜಾರದ ತೊಗರಿ ಚೀಲೇನ್ರಿ, ದಿನಕ್ಕ ಎರಡು ಸಲ ತೂಗಾಕ?"

ಖುಷ್ಬೂಗೆ ನಗು ಬಂತು. ಲಲಿತಾಬಾಯಿಗೆ ಬರಲಿಲ್ಲ. ಬಿಸಿಲ ಝಳವನ್ನು, ಕಡಗ ಮುಚ್ಚಿದ ಫ್ರಾಕನ್ನು, ಯಾವುದನ್ನು ಬೇಕಾದರೂ ದೂರಬಹುದಿತ್ತು. ಆಕೆ ಹಾಗೆ ಮಾಡಲಿಲ್ಲ. "ತಪ್ಪು ನಂದದ ಖಾಲಾ. ಬೆಳ್ಳಿ ಕೂಡಿಸಿ ತೂಗಿ, ಕೂಸು ಬೆಳದದ ಅಂತ ಹೇಳೀನಿ. ನಿಜಾ ಏನಂತ ತಿಳೀತನಕಾ ನನಗ ಅನ್ನ ಇಳಿಯಂಗಿಲ್ಲ."

ಮುದುಕಿ ಆಕೆಯ ಮುಖವನ್ನೇ ದಿಟ್ಟಿಸಿದಳು. ಬಳಿಕ ಕುಳಿತು, ತುಟಿಯಲ್ಲಿ ದುವಾ ಹೇಳುತ್ತ, ಕಡಗಗಳನ್ನೂ ಸರಪಳಿಯನ್ನೂ ತನ್ನ ಕೈಯಿಂದಲೇ ಬಿಚ್ಚಿದಳು.

ಶಹಾಬಾದಿ ಕಲ್ಲಿನ ನೆಲದ ಮೇಲೆ ಮತ್ತೆ ತೂಗಿದರು. ಏಳು ಕಿಲೊ ನಾನೂರು.

ಲಲಿತಾಬಾಯಿ ಬೆಳಗಿನ ಚುಕ್ಕಿಯನ್ನು ಹೊಡೆದುಹಾಕಿ, ಸರಿಯಾದುದನ್ನಿಟ್ಟು, ಮೂರು ತಿಂಗಳ ಚುಕ್ಕಿಗಳನ್ನೂ ಜೋಡಿಸಿದಳು. ಗೆರೆ ನೆಲದಂತೆ ಮಟ್ಟಸವಾಗಿತ್ತು. "ಪಟ್ಟಿ ಮ್ಯಾಲೇರ್ತದ, ಇಕಿ ಏರವಲ್ಲಳು. ಹಿಂಗೇ ನಿಂತ್ರ ಎರಡು ತಿಂಗಳಿಗಿ ಹಳದಿ ಕೆಳಗಿನ ಕಿತ್ತಳೆ ಪಟ್ಟಿಗಿ ಬೀಳ್ತಾಳ, ಅದು ಭಾಳ ಕೆಟ್ಟದ್ದು. ಖುಷ್ಬೂ, ಮುಂಜಾನಿ ಏನೋ ಹೇಳಾಕ ಹೋಗಿದ್ದಿ. ನಾ ಕೇಳಲಿಲ್ಲ. ಈಗ ಹೇಳವ್ವ."

ಖುಷ್ಬೂ ಸೆರಗನ್ನು ಹಿಂಡಿದಳು. "ಮೂರು ವಾರ ಆಯ್ತ್ರಿ, ಕೂಸು ತೆಳ್ಳಗ ಹೇಲ್ತದ. ಇವತ್ತ ದವಾಖಾನಿಗಿ ಹೋಗಬೇಕಂತಿದ್ದೆ. ನೀವು ಬೆಳದದ ಅಂದ್ರಿ, ಮತ್ಯಾಕ ಅಂತ ಬಿಟ್ಟೆ."

ಆ ಮಾತು ಲಲಿತಾಬಾಯಿಯ ಮನಸ್ಸನ್ನು ಚುಚ್ಚಿತು. "ಎರಡು ವಾರ ದಾಟಿದ ಭೇದಿ ಮನ್ಯಾಗ ಇಟ್ಕೊಂಡು ಕೂಡೂದಲ್ಲ. ಎದಿಹಾಲು ಬಿಡಿಸಬ್ಯಾಡ, ಊಟಾನೂ ನಿಲ್ಲಸಬ್ಯಾಡ. ಓಆರ್‌ಎಸ್ ಕುಡಿಸಕೋತ ನಡಿ, ಈಗೇ ಹೋಗೂಣು."

"ಮತ್ತ ಶಾದಿ?" ಎಂದು ಖುಷ್ಬೂ ಅತ್ತೆಯತ್ತ ನೋಡಿದಳು.

"ಶಾದಿ ನಿಂದೇನು? ನಿಂದು ಆಗಿ ಮೂರು ವರ್ಷ ಆಯ್ತು!" ಬಿಸ್ಮಿಲ್ಲಾಬೀ ಗದರಿದಳು. "ಔರಾದಕ್ಕ ನಾ ಒಬ್ಬಾಕಿನೇ ಹೋಗ್ತೇನಿ. ನೀ ಕೂಸಿನ್ನ ತಗೊಂಡು ನಡಿ."

ಡಾಕ್ಟರರು ಎದ್ದು ಹೋಗಿರದಿರಲಿ ದೇವರೇ ಎಂದು ಲಲಿತಾಬಾಯಿ ದಾರಿಯುದ್ದಕ್ಕೂ ಬೇಡುತ್ತ ನಡೆದಳು. ಅವರು ಇನ್ನೂ ಇದ್ದರು. ಕಾರ್ಡನ್ನು ತಾನೇ ತೋರಿಸಬೇಕೆಂದು ಆಕೆ ಕೈ ಚಾಚುವಷ್ಟರಲ್ಲಿ, ಖುಷ್ಬೂ ಅದನ್ನು ಮೇಜಿನ ಮೇಲೆ ಬಿಚ್ಚಿ, ಗೆರೆಯ ಮೇಲೆ ಬೆರಳಿಟ್ಟಿದ್ದಳು.

"ಮೂರು ತಿಂಗಳಿಂದ ಹಿಂಗೇ ನಿಂತಾಳ್ರಿ ಸಾಹೇಬ್ರ. ಇದು ಮ್ಯಾಲ ಏಳಬೇಕಿತ್ತು."