ಗಟ್ಟಿ ಹಾಸಿಗೆಯ ಇಪ್ಪತ್ತಾರು ದಿನ

ಹಾಸನ–ಕೊಣನೂರು ಬಸ್ಸನ್ನು ಹತ್ತೊಂಬತ್ತು ವರ್ಷ ಓಡಿಸಿದವನು ನಾನು, ಪುಟ್ಟರಾಜು. ಗುಂಡಿಗಳ ಲೆಕ್ಕ ನನ್ನ ಸೊಂಟಕ್ಕೆ ಬಾಯಿಪಾಠ. ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಡಾಕ್ಟರು ನರದ ತೊಂದರೆ ಇಲ್ಲವೆಂದು ಹೇಳಿ, ವ್ಯಾಯಾಮ ತೋರಿಸಿ, ಗಂಟುಗಟ್ಟಿದ ಹಳೆಯ ಹತ್ತಿ ಹಾಸಿಗೆಯನ್ನು ಬದಲಿಸಲು ಹೇಳಿದರು. ವ್ಯಾಯಾಮ ಮರೆತೆ. ಹಾಸಿಗೆ ಮಾತ್ರ ನೆನಪಿಟ್ಟುಕೊಂಡೆ.

ಹೊಳೆನರಸೀಪುರದ ನೀಲಾಂಬಿಕೆಯವರ ಅಂಗಡಿಗೆ ಹೆಂಡತಿ ರೂಪಶ್ರೀಯೊಡನೆ ಹೋದೆ. ತಮ್ಮ ಮಾವನ ಕಾಲದಲ್ಲಿ ಹತ್ತಿ ಹಾಸಿಗೆಯ ಗವಸು ಹೊಲಿಯುತ್ತಿದ್ದ ಆಕೆ, ಈಗ ಫೋಮು, ತೆಂಗಿನ ನಾರು, ಲೇಟೆಕ್ಸ್ ರಬ್ಬರು, ಎಲ್ಲದರ ಹಾಸಿಗೆಗಳನ್ನೂ ಮಾರುತ್ತಿದ್ದರು.

"ನೀವು ಎಂಗೆ ಮಲಗ್ತೀರ ಅಣ್ಣ?" ಎಂದು ಕೇಳಿದರು.

"ಕಣ್ಣು ಮುಚ್ಕೊಂಡು."

"ಮಗ್ಗುಲಾಗಿ ಮಲಗ್ತಾರೆ ಕಣಮ್ಮ," ಎಂದಳು ರೂಪಶ್ರೀ.

"ಅಂಗಿದ್ರೆ ತೀರಾ ಗಟ್ಟಿ ಬ್ಯಾಡ. ಭುಜ, ಸೊಂಟ ವಸಿ ಒಳಕ್ಕೆ ಇಳೀಬೇಕು. ಮಧ್ಯಮ ಗಟ್ಟಿದು, ಮೇಲೆ ಲೇಟೆಕ್ಸ್ ಇರೋದು, ಒಂದ್ಸಲ ಮಲಗಿ ನೋಡಿ."

ಅಂಗಡಿಯಲ್ಲಿ ಮಲಗುವುದೇ? ನನಗೆ ಮರ್ಯಾದೆ ಅಡ್ಡ ಬಂತು. "ಬೆನ್ನಿಗೆ ಕಲ್ಲಿನಂಗಿರಬೇಕು. ಎಲ್ರೂ ಅದನ್ನೇ ಹೇಳೋದು," ಎಂದು ನಾರಿನ ಹಾಸಿಗೆಗೆ ಗುದ್ದಿ ನೋಡಿ ಅದನ್ನೇ ಆರಿಸಿದೆ. ಗುದ್ದಿದ ಕೈ ನೊಂದಿತು. ಜೇಬಿಗೆ ಹಾಕಿಕೊಂಡೆ.

"ಮೂವತ್ತು ದಿನ ಟ್ರಯಲ್ ಐತೆ, ಒಗ್ಗದಿದ್ರೆ ಬದಲಾಯಿಸ್ಕೊಡ್ತೀನಿ. ಎರಡು ವಾರ ಮೈ ಒಗ್ಗಲಿ. ಕಲೆ ಬೀಳದಂಗೆ ಕವರ್ ಹಾಕಿ, ಬಿಲ್ ಎತ್ತಿಟ್ಟಿರಿ," ಎಂದರು ನೀಲಾಂಬಿಕೆ.

ಒಂದು ವಾರಕ್ಕೆ ಭುಜ ಜೋಮು ಹಿಡಿಯಿತು. ಮೂರು ವಾರವಾದರೂ ಮೈ ಒಗ್ಗಲಿಲ್ಲ. ಆದರೂ ಡಿಪೋದಲ್ಲಿ ಕಂಡಕ್ಟರ್ ಬೈರಯ್ಯನಿಗೆ ಗಟ್ಟಿ ಹಾಸಿಗೆಯ ಮಹಿಮೆಯನ್ನು ಬಣ್ಣಿಸುತ್ತಲೇ ಇದ್ದೆ. ಅವನು, "ಸರಿ ಕಣ್ಲಾ, ನೀನ್ಯಾಕೆ ಓರೆಯಾಗಿ ನಿಂತಿದ್ದೀಯ?" ಎಂದ.

ಇಪ್ಪತ್ತಾರನೇ ದಿನ ರೂಪಶ್ರೀ ಗೂಡ್ಸ್ ಆಟೋ ಕರೆದಳು. "ರೀ, ನಿಮ್ಮ ಮರ್ಯಾದೆನೂ ಅದರ ಮೇಲೇ ಹಾಕಿ, ಒಟ್ಟಿಗೇ ವಾಪಸ್ ಕೊಡಾನ," ಎಂದಳು.

ನೀಲಾಂಬಿಕೆ ನಗಲಿಲ್ಲ. ಕಲೆಯಿಲ್ಲವೆಂದು ನೋಡಿಕೊಂಡು, ನನ್ನನ್ನು ಆ ಮಧ್ಯಮ ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿಸಿದರು. ರೂಪಶ್ರೀಗೆ ನನ್ನ ಸೊಂಟದ ಕೆಳಗೆ ಕೈ ತೂರಿಸಲು ಹೇಳಿದರು. "ಕೈ ಸಲೀಸಾಗಿ ಒಳಕ್ಕೆ ಓದ್ರೆ ಗಟ್ಟಿ ಜಾಸ್ತಿ. ಓಗ್ದೇ ಇದ್ರೆ ಮೆತ್ತಗೆ ಜಾಸ್ತಿ." ಕೈ ಬಿಗಿಯಾಗಿ ಹೋಯಿತು. "ಇದೇ ಸರಿ. ಹದಿನೈದು ನಿಮಿಷ ಅಂಗೇ ಇರಿ," ಎಂದರು.

ಕಣ್ಣು ಬಿಟ್ಟಾಗ ಮುಕ್ಕಾಲು ಗಂಟೆಯಾಗಿತ್ತು. ಸುತ್ತ ನಾಲ್ಕು ಜನ ನಿಂತಿದ್ದರು. ಅವರಲ್ಲೊಬ್ಬ ಹೆಂಗಸು ನನ್ನನ್ನೇ ತೋರಿಸಿ, "ನಮಗೂ ಇಂತದೇ ಕೊಡಿ," ಎನ್ನುತ್ತಿದ್ದಳು. ನನ್ನ ಗೊರಕೆಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು.

ಆ ಹಾಸಿಗೆಯನ್ನೇ ಮನೆಗೆ ತಂದೆವು. ನೋವು ಪೂರ್ತಿ ಹೋಗಿಲ್ಲ, ಹಾಸಿಗೆ ಒಂದೇ ಎಲ್ಲವನ್ನೂ ಮಾಡುವುದಿಲ್ಲ. ಈಗ ವ್ಯಾಯಾಮವನ್ನೂ ಮಾಡುತ್ತೇನೆ. ಬೆಳಿಗ್ಗೆ ಐದು ನಿಮಿಷಕ್ಕೇ ನೆಟ್ಟಗೆ ನಿಲ್ಲುತ್ತೇನೆ.